ಮಿಸ್, ಮುಂದಿನ ವಾರ ಕ್ಲಾಸಿಗೆ ಬರಲ್ಲ

‘ಮಿಸ್, ಮುಂದಿನ ವಾರ ಊರಿಗೆ ಹೋಗ್ತಿದ್ದೀವಿ. ಕ್ಲಾಸಿಗೆ ಬರಲ್ಲ. ಫೀಸ್ ಅಡ್ಜಸ್ಟ್ ಮಾಡಿ.’

ಸಂಗೀತ, ಈಜು, ಗಣಿತ, ಯಾವುದೇ ಪಾಠ ಹೇಳಿಕೊಡುವವರ ಫೋನಿಗೆ ಇಂಥ ಸಂದೇಶ ಬರುತ್ತಲೇ ಇರುತ್ತದೆ. ಕಳಿಸಿದವರ ಮನಸ್ಸಿನಲ್ಲಿ ಎಲ್ಲವೂ ಸ್ಪಷ್ಟ. ಓದುವ ಟೀಚರಿಗೆ ಮಾತ್ರ ಇಲ್ಲ. ಮುಂದಿನ ವಾರ ಎಂದರೆ ಒಂದು ಕ್ಲಾಸೋ ಎರಡೋ? ‘ಅಡ್ಜಸ್ಟ್’ ಎಂದರೆ ಬೇರೆ ದಿನ ಪಾಠ ಮಾಡಿಕೊಡಬೇಕೋ, ಬರುವ ತಿಂಗಳ ಫೀಸಿನಲ್ಲಿ ಕಳೆಯಬೇಕೋ, ಹಣ ವಾಪಸು ಕೊಡಬೇಕೋ? ಮೂರೂ ಬೇರೆಬೇರೆ ಬೇಡಿಕೆಗಳು. ಟೀಚರ್ ‘ಸರಿ’ ಎಂದು ಉತ್ತರಿಸುತ್ತಾರೆ. ಆ ‘ಸರಿ’ ಯಾವುದಕ್ಕೆ ಎಂಬ ಜಗಳ ತಿಂಗಳ ಕೊನೆಗೆ ಶುರುವಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮೈಸೂರಿನಲ್ಲಿ ಒಬ್ಬ ಹುಡುಗಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ 5ಕ್ಕೆ ಟೀಚರ ಮನೆಯಲ್ಲಿ ಆರು ಮಕ್ಕಳ ಬ್ಯಾಚು. ತಿಂಗಳಿಗೆ 8 ಕ್ಲಾಸು, 2,000 ರೂಪಾಯಿ. ಅಮ್ಮನ ತವರು ಶಿರಸಿ. ಅಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಈ ಸಲ ಮನೆಮಂದಿಯೆಲ್ಲ ಹೊರಟಿದ್ದಾರೆ. ಮಾರ್ಚ್ 19, 22 ಮತ್ತು 26, ಹೀಗೆ ಮೂರು ಕ್ಲಾಸು ತಪ್ಪುತ್ತವೆ. ಒಂದು ಕ್ಲಾಸಿಗೆ 250ರಂತೆ 750 ರೂಪಾಯಿ ಎಂದು ಅಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ.

ಈ ಲೆಕ್ಕ ತಪ್ಪೆಂದಲ್ಲ, ಆದರೆ ಅರ್ಧ. ವಾರಕ್ಕೆರಡರಂತೆ ವರ್ಷದ 52 ವಾರಕ್ಕೆ 104 ಕ್ಲಾಸಾಗುತ್ತದೆ. ತಿಂಗಳಿಗೆ ಎಂಟರಂತೆ ಫೀಸು ಕಟ್ಟಿದ್ದು 96ಕ್ಕೆ. ಮಿಕ್ಕ ಎಂಟು ಎಲ್ಲಿ ಹೋದವು? ಐದು ಮಂಗಳವಾರವೋ ಐದು ಶುಕ್ರವಾರವೋ ಬರುವ ತಿಂಗಳಲ್ಲಿ ಟೀಚರ್ ಹೆಚ್ಚಿನ ಹಣ ಕೇಳದೆ ಒಂಬತ್ತನೆಯ ಪಾಠವನ್ನೂ ಮಾಡಿರುತ್ತಾರೆ. ಶಿವರಾತ್ರಿ, ಯುಗಾದಿ, ದಸರೆಯ ರಜೆಗಳು ಆ ಎಂಟರಲ್ಲೇ ಸರಿಹೋಗುತ್ತವೆ. ‘ತಿಂಗಳ ಫೀಸು’ ಎಂಬ ಪದ್ಧತಿ ನಿಂತಿರುವುದು ಈ ಕೊಡುಕೊಳ್ಳುವಿಕೆಯ ಮೇಲೆ. ಆದ್ದರಿಂದ ಹಣ ಕಳೆಯಿರಿ ಎನ್ನುವ ಮೊದಲು ಹಿಂದಿನ ಮೂರು ತಿಂಗಳಲ್ಲಿ ಎಷ್ಟು ಕ್ಲಾಸು ನಡೆದವು ಎಂದು ಕ್ಯಾಲೆಂಡರಿನಲ್ಲಿ ಎಣಿಸಿ ನೋಡಬೇಕು. ಎಣಿಕೆಯಲ್ಲಿ ನಿಜಕ್ಕೂ ಕಡಿಮೆ ಬಿದ್ದಿದ್ದರೆ, ಅದರಲ್ಲೂ ಟೀಚರೇ ರಜೆ ಹಾಕಿದ್ದರಿಂದ ಕಡಿಮೆ ಬಿದ್ದಿದ್ದರೆ, ಕೇಳಲು ಗಟ್ಟಿ ಕಾರಣವಿರುತ್ತದೆ. ಕ್ಲಾಸು ತಪ್ಪಿಸಿದವರು ಯಾರು ಎನ್ನುವುದರ ಮೇಲೆ ಕೇಳುವ ಧಾಟಿಯೂ ಬದಲಾಗಬೇಕು. ಟೀಚರ್ ತಪ್ಪಿಸಿದ ಕ್ಲಾಸು ಬಾಕಿ, ಮಗು ತಪ್ಪಿಸಿದ್ದು ಕೋರಿಕೆ.

ಇನ್ನು ಬದಲಿ ಕ್ಲಾಸು. ಒಬ್ಬರೇ ವಿದ್ಯಾರ್ಥಿಯ ಪಾಠವಾದರೆ ಅದು ಟೀಚರಿಗೆ ಮತ್ತೊಂದು ಇಡೀ ಗಂಟೆಯ ಕೆಲಸ. ಖಾಲಿ ಬಿದ್ದ 5 ಗಂಟೆಯ ಹೊತ್ತನ್ನು ಅವರು ಬೇರೆ ಯಾರಿಗೂ ಕೊಟ್ಟಿರುವುದಿಲ್ಲ, ಈಗ ತಮ್ಮ ಇನ್ನೊಂದು ಸಂಜೆಯನ್ನೂ ಕೊಡಬೇಕು. ಬ್ಯಾಚಿನ ಪಾಠದಲ್ಲಿ ಈ ಹೊರೆಯಿಲ್ಲ. ಶನಿವಾರದ ಬ್ಯಾಚಿನಲ್ಲಿ ಇನ್ನೊಂದು ಚಾಪೆ ಹಾಸಿದರೆ ಟೀಚರ ಸಮಯವೇನೂ ಹೆಚ್ಚು ಖರ್ಚಾಗುವುದಿಲ್ಲ. ಆದರೆ ಬ್ಯಾಚಿಗೆ ಬೇರೊಂದು ತೊಡಕಿದೆ: ಅದು ಯಾರಿಗೂ ಕಾಯುವುದಿಲ್ಲ. ಮೂರು ಕ್ಲಾಸು ತಪ್ಪಿಸಿ ಬರುವಷ್ಟರಲ್ಲಿ ಉಳಿದ ಐವರು ಜಂಟಿ ವರಸೆ ಮುಗಿಸಿ ಅಲಂಕಾರಕ್ಕೆ ಹೋಗಿರಬಹುದು. ಹಾಗಾಗಿ ಬ್ಯಾಚಿನ ಮಗುವಿನ ಪರವಾಗಿ ಹಣಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದು ಬ್ಯಾಚಿನಲ್ಲಿ ಜಾಗ, ಮತ್ತು ಈ ನಡುವೆ ಏನು ಪಾಠವಾಗುತ್ತದೆ ಎಂಬ ಮಾಹಿತಿ.

ಇಷ್ಟನ್ನು ತಿಳಿದು ಅಮ್ಮ ಬರೆದರೆ ಸಂದೇಶ ಹೀಗಿರುತ್ತದೆ:

‘ನಮಸ್ತೆ ಮಿಸ್. ಜಾತ್ರೆಗೆಂದು ಶಿರಸಿಗೆ ಹೋಗುತ್ತಿರುವುದರಿಂದ ಮಾರ್ಚ್ 19, 22, 26ರ ಕ್ಲಾಸಿಗೆ ಮಗಳು ಬರುವುದಿಲ್ಲ. 29ರ ಶುಕ್ರವಾರದಿಂದ ಎಂದಿನಂತೆ ಬರುತ್ತಾಳೆ. ಮಾರ್ಚ್ ಫೀಸು ಕಳಿಸಿದ್ದೇನೆ. ಏಪ್ರಿಲ್ 6 ಮತ್ತು 13ರಂದು ನಿಮ್ಮ ಶನಿವಾರದ ಬ್ಯಾಚಿನಲ್ಲಿ ಅವಳು ಕೂರಬಹುದೇ? ಆಗದಿದ್ದರೆ, ಏಪ್ರಿಲ್ ಫೀಸಿನಲ್ಲಿ ಸ್ವಲ್ಪ ಕಳೆಯುವ ರೂಢಿ ನಿಮ್ಮಲ್ಲಿದೆಯೇ ತಿಳಿಸಿ. ಆ ಮೂರು ದಿನ ಏನು ಪಾಠವಾಯಿತೆಂದು ಹೇಳಿದರೆ ಊರಲ್ಲೇ ಅಭ್ಯಾಸ ಮಾಡಿಸುತ್ತೇನೆ.’

ಇಲ್ಲಿ ‘ಮುಂದಿನ ವಾರ’ ಇಲ್ಲ, ತಾರೀಕುಗಳಿವೆ. ವಾಪಸು ಬರುವ ದಿನ ಇರುವುದರಿಂದ ಮಗು ಬಿಟ್ಟೇಹೋಯಿತೇನೋ ಎಂದು ಟೀಚರ್ ಆ ಜಾಗವನ್ನು ಬೇರೆಯವರಿಗೆ ಕೊಡುವುದಿಲ್ಲ. ಮೂರು ಕ್ಲಾಸು ತಪ್ಪಿದರೂ ಕೇಳಿರುವುದು ಎರಡನ್ನೇ, ಹಾಗೆ ಕೇಳಿದರೆ ಟೀಚರಿಗೆ ಒಪ್ಪಿಕೊಳ್ಳುವುದು ಸುಲಭ. ಹಣದ ಮಾತು ಎರಡನೆಯದಾಗಿ, ಪ್ರಶ್ನೆಯ ರೂಪದಲ್ಲಿ ಬಂದಿದೆ. ಜಾತ್ರೆಯ ದಿನಾಂಕ ಮೊದಲೇ ಗೊತ್ತಿರುವುದರಿಂದ ಇದನ್ನು ಮಾರ್ಚ್ ಮೊದಲ ವಾರದಲ್ಲೇ ಕಳಿಸಬಹುದು. 18ರ ರಾತ್ರಿ ಕಳಿಸಿದರೆ ಇದೇ ಮಾತಿಗೆ ಇಷ್ಟು ಬೆಲೆ ಇರುವುದಿಲ್ಲ. ಟೀಚರ್ ಫೋನಿನಲ್ಲೇ ಒಪ್ಪಿದರೆ ‘6 ಮತ್ತು 13ಕ್ಕೆ ಕಳಿಸುತ್ತೇನೆ ಮಿಸ್’ ಎಂದು ಒಂದು ಸಾಲು ಬರೆದಿಡಬೇಕು. ಅವರಿಗೆ ನೂರೆಂಟು ನೆನಪುಗಳು.

ಮನೆಪಾಠದ ಈ ಮೃದು ಭಾಷೆ ದೊಡ್ಡ ಕೋಚಿಂಗ್ ಸೆಂಟರಿಗೆ ಸಾಲದು. ಅಲ್ಲಿ ಹಣವೂ ದೊಡ್ಡದು, ಕೇಳಲು ಆಧಾರವೂ ಇದೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸಿತು. ಪೂರ್ತಿ ಫೀಸು ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಗೆ ತಕ್ಕಷ್ಟು ಹಣವನ್ನು 10 ದಿನದೊಳಗೆ ಮರಳಿಸಬೇಕು, ಹಾಸ್ಟೆಲ್ಲು ಮತ್ತು ಮೆಸ್ಸಿನ ಹಣಕ್ಕೂ ಇದೇ ರೀತಿ ಎಂದು ಅದರಲ್ಲಿದೆ. ಇದಕ್ಕೆ ಮಿತಿಯೂ ಇದೆ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸೆಂಟರುಗಳನ್ನು ಉದ್ದೇಶಿಸಿದ್ದೇ ಹೊರತು ಮನೆಪಾಠವನ್ನಲ್ಲ. ಇದು ಸಂಸತ್ತಿನ ಕಾಯ್ದೆಯೂ ಅಲ್ಲ, ಜಾರಿ ಮಾಡಬೇಕಾದದ್ದು ರಾಜ್ಯಗಳು. ಆದರೂ ಪತ್ರದಲ್ಲಿ ಉಲ್ಲೇಖಿಸಿದರೆ ಮಾತಿಗೆ ತೂಕ ಬರುತ್ತದೆ.

ನೀಟ್ ಕೋಚಿಂಗಿಗೆ 12 ತಿಂಗಳ 96,000 ರೂಪಾಯಿ ಒಮ್ಮೆಲೇ ಕಟ್ಟಿದ ಹುಡುಗ ನಾಲ್ಕು ತಿಂಗಳಿಗೆ ಬಿಟ್ಟನೆನ್ನಿ. ಉಳಿದ ಎಂಟು ತಿಂಗಳಿಗೆ 64,000. ಇದನ್ನು ಇಮೇಲಿನಲ್ಲೇ ಕೇಳಬೇಕು. ರಶೀದಿ ಸಂಖ್ಯೆ, ಕಟ್ಟಿದ ಮೊತ್ತ, ಕೊನೆಯದಾಗಿ ಹಾಜರಾದ ದಿನ, ಬರಬೇಕಾದ ಹಣದ ಲೆಕ್ಕ, 10 ದಿನದ ಗಡುವು, ಇಷ್ಟು ಅದರಲ್ಲಿರಲಿ. ಇಲ್ಲಿ ತಂದೆತಾಯಿ ಎಡವುವುದು ಒಂದು ಪದದಲ್ಲಿ. ಸಂಕೋಚಕ್ಕೆ ‘ಸ್ವಲ್ಪ ದಿನ ಬ್ರೇಕ್ ತಗೊಳ್ತೀವಿ’ ಎಂದು ಬರೆದರೆ ಹುಡುಗ ಬಿಟ್ಟ ದಿನ ಯಾವುದೆಂದೇ ದಾಖಲೆಯಾಗುವುದಿಲ್ಲ. ‘ಇಂಥ ದಿನದಿಂದ ಬಿಡುತ್ತಿದ್ದಾನೆ’ ಎಂದೇ ಬರೆಯಬೇಕು. ಕಟ್ಟಿದ ಹಣ ಮರಳಿಸುವುದಿಲ್ಲ ಎಂದು ಅರ್ಜಿಯಲ್ಲಿ ಅಚ್ಚಾಗಿದ್ದ ಮಾತ್ರಕ್ಕೆ ವಿಷಯ ಮುಗಿಯುವುದಿಲ್ಲ. ಗಡುವು ದಾಟಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಅರ್ಜಿ ಶುಲ್ಕವಿಲ್ಲ, ತಕರಾರು ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು.

ಫೀಸನ್ನು ಸಾಲದ ಕಂತಿನಲ್ಲಿ ಕಟ್ಟುತ್ತಿದ್ದರೆ ಇನ್ನೊಂದು ಎಚ್ಚರ ಬೇಕು. ಸಾಲ ಕೊಟ್ಟಿದ್ದು ಕೋಚಿಂಗ್ ಸೆಂಟರಲ್ಲ, ಹಣಕಾಸು ಕಂಪನಿ. ಹುಡುಗ ಕ್ಲಾಸು ಬಿಟ್ಟರೂ ಖಾತೆಯಿಂದ ಕಂತು ಹೋಗುತ್ತಲೇ ಇರುತ್ತದೆ, ತಡೆದರೆ ಸಿಬಿಲ್ ಅಂಕ ಕುಸಿಯುತ್ತದೆ. ಬಿಡುವ ದಿನವೇ ಎರಡು ಪತ್ರ ಹೋಗಬೇಕು: ಒಂದು ಸೆಂಟರಿಗೆ, ಅದರ ಪ್ರತಿಯೊಂದಿಗೆ ಇನ್ನೊಂದು ಸಾಲ ಕೊಟ್ಟವರಿಗೆ.