ಬ್ಯಾಗಿನ ತಳ ಮುಟ್ಟಿ ನೋಡಿ

ಬೆಂಗಳೂರಿನ ಸಂಜೆ ಮಳೆಗೆ ಸಿಕ್ಕ ಬೈಕ್ ಸವಾರರ ಬ್ಯಾಗಿಗೆ ನೀರು ಹೆಚ್ಚಾಗಿ ನುಗ್ಗುವುದು ಬಟ್ಟೆಯಿಂದಲ್ಲ, ಜಿಪ್ಪಿನ ಹಲ್ಲು ಮತ್ತು ಹೊಲಿಗೆಯ ತೂತುಗಳಿಂದ. ಜಿಪ್ಪಿನ ಮೇಲೆ ಬಟ್ಟೆಯ ಮಡಿಕೆ ಇದ್ದರೆ ಒಳ್ಳೆಯದು. ಜೋರು ಮಳೆಗೆ ಅದೂ ಸಾಲದು, ರೇನ್ ಕವರ್ ಬೇಕೇ ಬೇಕು.

ಅಂಗಡಿಯಲ್ಲೇ ಜಿಪ್ಪನ್ನು ಮೂಲೆಯ ತಿರುವಿನಲ್ಲಿ ಒಂದೇ ಕೈಯಿಂದ ಎಳೆದು ನೋಡಬೇಕು. ಬ್ಯಾಗ್ ತುಂಬಿದಾಗ ಹಲ್ಲು ಬಿಡುವುದು ಸಾಮಾನ್ಯವಾಗಿ ಅಲ್ಲೇ.

ಹೆಚ್ಚಿನವರು ಮರೆಯುವುದು ತಳವನ್ನು. ಲ್ಯಾಪ್‌ಟಾಪ್ ಖಾನೆಯೊಳಗೆ ಕೈ ಇಳಿಸಿ. ಖಾನೆ ಬ್ಯಾಗಿನ ತಳಕ್ಕಿಂತ ಎರಡು ಬೆರಳು ಮೇಲೆಯೇ ಮುಗಿದಿದ್ದರೆ, ಮೆಟ್ರೊ ನೆಲದ ಮೇಲೆ ದಪ್ಪೆಂದು ಇಟ್ಟಾಗಲೂ ಪೆಟ್ಟು ನೇರವಾಗಿ ಲ್ಯಾಪ್‌ಟಾಪಿಗೆ ತಾಗುವುದಿಲ್ಲ. ಆ ಖಾನೆ ಬೆನ್ನಿಗೆ ಅಂಟಿಕೊಂಡಿರಬೇಕು. ಭಾರ ಬೆನ್ನಿನಿಂದ ದೂರವಾದಷ್ಟೂ ಭುಜವನ್ನು ಹಿಂದಕ್ಕೆ ಜಗ್ಗುತ್ತದೆ. ಊಟದ ಡಬ್ಬಿ ಅದರ ನಂತರದ ಖಾನೆಗೆ, ಛತ್ರಿ ಹೊರಗಿನದಕ್ಕೆ.

ತಳದಲ್ಲಿ ಬರಿ ಬಟ್ಟೆಯಷ್ಟೇ ಕೈಗೆ ಸಿಕ್ಕರೆ, ಆ ಬ್ಯಾಗ್ ಬೇಡ.