ಗಾಳಿಯಲ್ಲಿ ನಿಂತ ಬುಗುರಿಗೆ ಎಷ್ಟು ನೆರಳು?

ಬುಗುರಿಯ ಫೋಟೊ ತೆಗೆಯುವುದು ಸ್ವಲ್ಪ ತಾಪತ್ರಯದ ಕೆಲಸ. ತಿರುಗದೇ ಇದ್ದರೆ ಅದು ನಿಲ್ಲುವುದಿಲ್ಲ, ಮಲಗಿಸಿ ತೆಗೆದರೆ ಬುಗುರಿಯಂತೆ ಕಾಣುವುದಿಲ್ಲ. ಥಾಣೆಯಲ್ಲಿರುವ ನನ್ನ ಪರಿಚಯದ ದಂಪತಿ ಚನ್ನಪಟ್ಟಣದಿಂದ ಆಟಿಕೆ ತರಿಸಿ ಆನ್‌ಲೈನಿನಲ್ಲಿ ಮಾರುತ್ತಾರೆ. ಗಿಲಕಿ, ರೈಲುಗಾಡಿಗಳ ಚಿತ್ರ ಅವರೇ ತೆಗೆದು ಹಾಕಿದ್ದರು. ಬುಗುರಿಯ ಚಿತ್ರ ಮಾತ್ರ ಎರಡು ಸಲ ತಿರಸ್ಕಾರವಾಯಿತು. ಹಿನ್ನೆಲೆ ಶುದ್ಧ ಬಿಳಿ ಇಲ್ಲ ಎಂಬುದು ಕಾರಣ. ಅವರ ಪರದೆಯಲ್ಲಿ, ನನ್ನ ಪರದೆಯಲ್ಲೂ, ಅದು ಬೆಳ್ಳಗೇ ಇತ್ತು. ಮುಖ್ಯ ಚಿತ್ರ ಒಪ್ಪಿಗೆಯಾಗದಿದ್ದರೆ ಸರಕು ಹುಡುಕಾಟದಲ್ಲಿ ಕಾಣದೇ ಹೋಗಬಹುದು. ದಸರೆಗೆ ಮುಂಚೆ ಹಾಗಾದರೆ ಆ ಹಂಗಾಮಿನ ವ್ಯಾಪಾರ ಹೋದಂತೆಯೇ.

ಅಮೆಜಾನ್‌ನ ನಿಯಮವನ್ನೇ ನೋಡಿ. ಮುಖ್ಯ ಚಿತ್ರದ ಹಿನ್ನೆಲೆ ಕೆಂಪು, ಹಸಿರು, ನೀಲಿ ಮೂರೂ 255 ಇರುವ ಬಿಳಿ ಆಗಿರಬೇಕು. ಸರಕು ಚೌಕಟ್ಟಿನ ಶೇ. 85ರಷ್ಟನ್ನು ತುಂಬಬೇಕು. 254 ಇದ್ದರೂ ಕಣ್ಣಿಗೆ ಬಿಳಿಯೇ, ಲೆಕ್ಕಕ್ಕೆ ಮಾತ್ರ ಅಲ್ಲ. ಮೆದುವಾದ ನೆರಳು ಎಂದರೆ ಬೂದು ಬಣ್ಣ ನಿಧಾನವಾಗಿ ಬಿಳಿಗೆ ಕರಗುವುದು. ಹಾಗೆ ಕರಗುವ ಬಾಲ ಚಿತ್ರದ ಅಂಚು ಮುಟ್ಟುವ ಮೊದಲೇ ಪೂರ್ತಿ 255 ಆಗಿ ಮುಗಿಯಬೇಕು. ಇಡೀ ಕೆಲಸ ಇರುವುದು ಇಷ್ಟರಲ್ಲೇ. (ಕೆಲವು ವಿಭಾಗಗಳಿಗೆ ಬೇರೆ ಕಟ್ಟುಪಾಡು ಇರುತ್ತದೆ. ನಿಮ್ಮ ವಿಭಾಗದ ಸ್ಟೈಲ್ ಗೈಡ್ ಮೊದಲು ಓದಿಕೊಳ್ಳಿ.)

ನಾವು ಮಾಡಿದ್ದು ಹೀಗೆ. ಬುಗುರಿಯ ಹಿಡಿಕೆಗೆ ತೆಳು ನೈಲಾನ್ ದಾರ ಕಟ್ಟಿ ತೂಗುಬಿಟ್ಟೆವು. ಒಂದೇ ದಾರವಾದರೆ ಸುತ್ತುತ್ತಲೇ ಇರುತ್ತದೆ, ಆದ್ದರಿಂದ ಎರಡು. ಹಿಂದೆ ಒಂದೂವರೆ ಅಡಿ ದೂರದಲ್ಲಿ ಬಿಳಿ ಡ್ರಾಯಿಂಗ್ ಹಾಳೆ, ಪಕ್ಕದಲ್ಲಿ ಕಿಟಕಿಯ ಬೆಳಕು, ಮೇಲೊಂದು ದೀಪ. ಫೋಟೊದಲ್ಲಿ ಆ ಬಿಳಿ ಹಾಳೆ ಅಳೆದರೆ 235ರ ಆಸುಪಾಸು, ಅದೂ ಸ್ವಲ್ಪ ನೀಲಿ ಛಾಯೆಯದು. ಇದನ್ನು Levels ಎಳೆದು 255ಕ್ಕೆ ಏರಿಸಬಹುದು. ಹಾಗೆ ಮಾಡಿದರೆ ಹಳದಿ ಅರಗಿನ ಹೊಳಪೂ ಜೊತೆಗೇ ಏರಿ, ಬುಗುರಿಯ ಹೆಗಲ ಮೇಲೆ ಬಿಳಿ ತೇಪೆ ಹಾಕಿದಂತಾಗುತ್ತದೆ. ಹಾಗಾಗಿ ಹಿನ್ನೆಲೆಯನ್ನು ಬೆಳ್ಳಗೆ ಮಾಡುವ ಗೋಜಿಗೆ ಹೋಗದೆ, ಗಿಂಪ್ ತಂತ್ರಾಂಶದಲ್ಲಿ ಬುಗುರಿಯ ಸುತ್ತ ಪಾತ್ ಎಳೆದು ಕತ್ತರಿಸಿಕೊಂಡೆವು. ದಾರವೂ ಅಲ್ಲೇ ಹೋಯಿತು. ಅಂಚಿಗೆ 1 ಪಿಕ್ಸೆಲ್ ಫೆದರ್ ಸಾಕು.

2000 × 2000 ಪಿಕ್ಸೆಲ್‌ನ ಹೊಸ ಬಿಳಿ ಹಾಳೆ ತೆರೆದು ಬುಗುರಿಯನ್ನು ಅದರ ಮೇಲಿಟ್ಟೆವು. ಶೇ. 85 ಎಂದರೆ ಎತ್ತರ 1700. ಉಳಿಯುವುದು 300 ಪಿಕ್ಸೆಲ್ ಮಾತ್ರ. ತಲೆಯ ಮೇಲೆ 60 ಬಿಟ್ಟರೆ, ಬುಗುರಿಯ ಮೊನೆಯಿಂದ ಕೆಳ ಅಂಚಿನವರೆಗೆ 240. ತೇಲುವ ಅಂತರ, ನೆರಳು, ಕೆಳಗಿನ ಬಿಳಿ ಅಂಚು ಎಲ್ಲವೂ ಇದರೊಳಗೇ ಹಿಡಿಯಬೇಕು. ಜಾಹೀರಾತುಗಳಲ್ಲಿ ಕಾಣುವ, ಗೇಣುದ್ದ ಮೇಲೆ ತೇಲುವ ವಸ್ತುವಿನ ಆಸೆಯನ್ನು ಇಲ್ಲಿ ಬಿಡಲೇಬೇಕು.

ತೇಲಿದಂತೆ ಕಾಣಲು ಕಾರಣ, ವಸ್ತುವಿಗೂ ನೆರಳಿಗೂ ನಡುವೆ ಕಾಣುವ ಸಂದು. ತಂತ್ರಾಂಶದಲ್ಲಿ ಸಿದ್ಧವಾಗಿ ಸಿಗುವ Drop Shadow ಇದಕ್ಕೆ ಒದಗುವುದಿಲ್ಲ. ಅದು ಬುಗುರಿಯ ಆಕಾರವನ್ನೇ ಹಿಂದಕ್ಕೆ ಸರಿಸಿ ಕಪ್ಪು ಮಾಡುತ್ತದೆ, ನೋಡಿದರೆ ಗೋಡೆಗೆ ಅಂಟಿಸಿದ ಸ್ಟಿಕರ್‌ನಂತಿರುತ್ತದೆ. ನಮಗೆ ಬೇಕಾದದ್ದು ನೆಲದ ಮೇಲೆ ಬಿದ್ದ ನೆರಳು, ಅಂದರೆ ಚಪ್ಪಟೆಯಾದ ಅಂಡಾಕಾರ.

ಬುಗುರಿ ಪದರದ ಕೆಳಗೆ ಇಡೀ ಹಾಳೆಯಷ್ಟೇ ದೊಡ್ಡದಾದ ಪಾರದರ್ಶಕ ಪದರ ಸೇರಿಸಿ, 900 ಅಗಲ, 60 ಎತ್ತರದ ಅಂಡಾಕಾರ ಆಯ್ದು ಕಪ್ಪು ತುಂಬಿ. ಅದರ ನಡು ಮೇಲಿನಿಂದ 1850ನೇ ಪಿಕ್ಸೆಲ್‌ನಲ್ಲಿರಲಿ. ಈಗ ಮರೆಯದೆ Select ▸ None ಕೊಡಿ. ಆಯ್ಕೆ ಹಾಗೇ ಉಳಿದರೆ ಮಸುಕು ಅದರೊಳಗೇ ನಿಂತು, ನೆರಳಿಗೆ ಚಾಕುವಿನಿಂದ ಕೊಯ್ದಂಥ ಅಂಚು ಬರುತ್ತದೆ. ಆಮೇಲೆ Gaussian Blur. Size X ಮತ್ತು Size Y ನಡುವಿನ ಸರಪಳಿ ಬಿಚ್ಚಿ, X 60, Y 25 ಕೊಡಿ. ಕೊನೆಗೆ ಪದರದ Opacity 40.

Y 25 ಏಕೆ ಎಂದರೆ, ಈ ಮಸುಕು ಕೊಟ್ಟ ಸಂಖ್ಯೆಯ ಸುಮಾರು ಮೂರರಷ್ಟು ದೂರ ಹರಡುತ್ತದೆ. ಅಂಡಾಕಾರದ ಕೆಳ ಅಂಚು 1880ರಲ್ಲಿದೆ. 75 ಸೇರಿಸಿದರೆ 1955. ಹಾಳೆ ಮುಗಿಯಲು ಇನ್ನೂ 45 ಪಿಕ್ಸೆಲ್ ಶುದ್ಧ ಬಿಳಿ ಉಳಿಯಿತು. ಇನ್ನೂ ಮೆದುವಾಗಲಿ ಎಂದು Y 50 ಮಾಡಿದರೆ ಬಾಲ 2030ರವರೆಗೆ ಹೋಗಬೇಕು, ಆದರೆ ಹಾಳೆ 2000ಕ್ಕೇ ಮುಗಿಯುತ್ತದೆ. ಕೆಳ ಅಂಚಿನಲ್ಲಿ ಪೂರ್ತಿ 255 ಆಗದ ಪಟ್ಟಿ ಉಳಿಯಬಹುದು. ದಂಪತಿಯ ಹಳೆಯ ಚಿತ್ರದಲ್ಲಿ ಇದ್ದದ್ದೂ ಇಂಥದೇ ಪಟ್ಟಿ.

ಹೀಗೆ ಮಾಡಿದಾಗ ನೆರಳಿನ ನಡು ತಿಳಿ ಬೂದು ಆಗುತ್ತದೆ. ನನ್ನ ಕಣ್ಣಿಗೆ ಇದು ಹಿತ. ಇದಕ್ಕಿಂತ ಕಪ್ಪಾದರೆ ವಸ್ತು ನೆಲಕ್ಕೆ ಹತ್ತಿರವಾಯಿತೆಂದು ಕಣ್ಣು ತಿಳಿಯುತ್ತದೆ, ತೇಲುವ ಭಾವ ಹೋಗುತ್ತದೆ. ಇನ್ನೊಂದು ಮಾತು: ನೆರಳು ನೇರ ಕೆಳಗಿದೆ ಎಂದರೆ ಬೆಳಕು ಮೇಲಿನಿಂದ ಬಂದಿರಬೇಕು. ಬುಗುರಿಯ ಹೊಳಪು ಎಡಗಡೆಗೇ ಹೆಚ್ಚಾಗಿದ್ದರೆ ನೆರಳನ್ನು 30–40 ಪಿಕ್ಸೆಲ್ ಬಲಕ್ಕೆ ಸರಿಸಿ.

ಇನ್ನು ಪರೀಕ್ಷೆ. ಕಣ್ಣನ್ನು ನಂಬಬೇಡಿ. ಪದರಗಳನ್ನೆಲ್ಲ Flatten Image ಕೊಟ್ಟು ಒಂದಾಗಿಸಿ, ಜೆಪೆಗ್ ಆಗಿ 90ಕ್ಕಿಂತ ಹೆಚ್ಚಿನ ಗುಣಮಟ್ಟದಲ್ಲಿ ಉಳಿಸಿ, ಆ ಜೆಪೆಗ್ಗನ್ನೇ ಮತ್ತೆ ತೆರೆಯಿರಿ. Colors ▸ Threshold ನಲ್ಲಿ ಕೆಳಮಿತಿಯ ಗುಂಡಿಯನ್ನು ಬಲತುದಿಯವರೆಗೂ ತಳ್ಳಿ. 255 ಇದ್ದದ್ದು ಬಿಳಿಯಾಗಿ ಉಳಿದು ಬಾಕಿಯೆಲ್ಲ ಕಪ್ಪಾಗುತ್ತದೆ. ಇಲ್ಲಿ ಒಂದು ಮೋಸವಿದೆ. Channel ಎಂಬಲ್ಲಿ ಮೊದಲೇ ಇರುವ Value, ಮೂರು ಬಣ್ಣಗಳಲ್ಲಿ ಅತಿ ಹೆಚ್ಚಿನದನ್ನು ಮಾತ್ರ ನೋಡುತ್ತದೆ. ಕೆಂಪು 255, ನೀಲಿ 245 ಇರುವ ಕೆನೆಬಣ್ಣವೂ ಅದರ ಕಣ್ಣಿಗೆ ಬಿಳಿಯೇ. ಆದ್ದರಿಂದ Red, Green, Blue ಮೂರರಲ್ಲೂ ಒಂದೊಂದು ಸಲ ನೋಡಿ.

ಈಗ ಕಪ್ಪಾಗಿ ಕಾಣುವುದನ್ನು ಓದಿಕೊಳ್ಳಬೇಕು. ಬುಗುರಿ ಮತ್ತು ಅದರ ಕೆಳಗೆ ಒಂದು ಅಂಡಾಕಾರ, ಸುತ್ತಲೂ ಬಿಳಿ ಎಂದಾದರೆ ಸರಿ. ಬುಗುರಿಯ ಅಂಚಿಗೆ ಅಂಟಿಕೊಂಡು ಕೆಲವು ಪುಡಿ ಚುಕ್ಕೆಗಳಿದ್ದರೆ ಗಾಬರಿ ಬೇಡ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಹಿಂಡುವಾಗ ಬಣ್ಣದ ಅಂಚಿನ ಪಕ್ಕ ಹೀಗೆ ಉದುರುವುದುಂಟು. ಪೂರ್ತಿ ಬಿಳಿ ಚೌಕಗಳು ಬಿಳಿಯಾಗಿಯೇ ಉಳಿಯುತ್ತವೆ. ನೇರ ಗೆರೆ ಕಂಡರೆ ಅದು ಬೇರೆ ಕಥೆ. ಗೆರೆ ನೆರಳಿನ ಪಕ್ಕದಲ್ಲಿದ್ದರೆ ನೆರಳಿನ ಪದರ ಚಿಕ್ಕದಾಗಿ ಮಸುಕು ಕತ್ತರಿಸಿಹೋಗಿದೆ. ಹಾಳೆಯ ಅಂಚಿಗೇ ತಾಗಿದ್ದರೆ ನೆರಳು ಹೊರಗೆ ಹರಿದಿದೆ. ದೊಡ್ಡ ಮೋಡದಂಥ ಕಲೆ ಕಂಡರೆ, ಕತ್ತರಿಸುವಾಗ ಹಳೆಯ ಹಾಳೆಯ ತುಣುಕು ಉಳಿದುಕೊಂಡಿದೆ ಎಂದರ್ಥ.

ಮೂರನೇ ಸಲ ಕಳಿಸಿದ ಚಿತ್ರಕ್ಕೆ ಒಪ್ಪಿಗೆ ಸಿಕ್ಕಿತು. ಅದೇ ಕಡತದಲ್ಲಿ ಬುಗುರಿ ಪದರ ಮಾತ್ರ ಬದಲಿಸಿ, ಹಸಿರು, ಕೆಂಪು ಬುಗುರಿಗಳ ಚಿತ್ರಗಳನ್ನೂ ಅವರು ಈಗ ತಾವೇ ಮಾಡಿಕೊಳ್ಳುತ್ತಿದ್ದಾರೆ. ನೆರಳಿನ ಪದರ ಇದ್ದಲ್ಲೇ ಇರುತ್ತದೆ.