ಕಾರಣ ಕೇಳಬೇಡಿ, ದಿನ ಕೇಳಿ

"ಯಾಕೆ ಬಿಡ್ತಾ ಇದ್ದೀರಿ?" ಎಂದು ಎಚ್‌ಆರ್‌ನವರು ಕೇಳುತ್ತಾರೆ. "ಒಳ್ಳೆ ಆಫರ್ ಬಂತು ಮೇಡಂ" ಎಂಬ ಉತ್ತರ ಬರುತ್ತದೆ. ಫಾರ್ಮಿನಲ್ಲಿ 'ಸಂಬಳ' ಎಂಬಲ್ಲಿ ಟಿಕ್ ಬೀಳುತ್ತದೆ, ಮಾತು ಮುಗಿಯುತ್ತದೆ. ಪಾಪ, ಅವರಾದರೂ ಏನು ಹೇಳಿಯಾರು? ರಿಲೀವಿಂಗ್ ಲೆಟರ್ ಇನ್ನೂ ಕೈಗೆ ಬಂದಿಲ್ಲ, ಬಾಕಿ ಲೆಕ್ಕ ಚುಕ್ತಾ ಆಗಿಲ್ಲ. ಹೊಸ ಕಂಪನಿಯವರು ವಿಚಾರಿಸಲು ಫೋನ್ ಮಾಡುವುದೂ ಇದೇ ಆಫೀಸಿಗೆ.

ಥಾಮಸ್ ಲೀ ಮತ್ತು ಟೆರೆನ್ಸ್ ಮಿಚೆಲ್ ಎಂಬ ಅಮೆರಿಕದ ಸಂಶೋಧಕರು 1994ರಲ್ಲಿ ಒಂದು ವಾದ ಮುಂದಿಟ್ಟರು. ರಾಜೀನಾಮೆಯ ಹಿಂದೆ ಯಾವಾಗಲೂ ನಿಧಾನಕ್ಕೆ ಬೆಳೆದ ಬೇಸರವೇ ಇರುವುದಿಲ್ಲ, ಎಷ್ಟೋ ಸಲ ಥಟ್ಟನೆ ಮನಸ್ಸು ಕದಡಿದ ಒಂದು ಘಟನೆ ಇರುತ್ತದೆ ಎಂದು. ಹಾಗಿದ್ದರೆ ಮೊದಲ ಪ್ರಶ್ನೆ ಕಾರಣದ್ದಾಗಬಾರದು: "ಬೇರೆ ಕೆಲಸ ನೋಡೋಣ ಅಂತ ಮೊದಲು ಅನ್ನಿಸಿದ್ದು ಯಾವಾಗ? ಆ ವಾರ ಏನಾಗಿತ್ತು?"

ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಲೆಕ್ಕ ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳು ಬಿಟ್ಟು ಹೊರಟಿದ್ದಾಳೆ ಎಂದುಕೊಳ್ಳಿ. ಫಾರ್ಮಿನಲ್ಲಿ 'ಸಂಬಳ' ಎಂದಿದೆ. ದಿನ ಕೇಳಿದರೆ ಅವಳು ಜುಲೈ ತಿಂಗಳನ್ನು ಹೇಳುತ್ತಾಳೆ. ಏಪ್ರಿಲ್‌ನಲ್ಲಿ ಏರಿಕೆ ಕೇಳಿದಾಗ ಬಜೆಟ್ ಇಲ್ಲ ಅಂದಿದ್ದರು. ಜುಲೈನಲ್ಲಿ ಹೊಸ ಹುಡುಗನೊಬ್ಬ ಬಂದ, ಕೆಲಸ ಕಲಿಸುವುದು ಇವಳ ಪಾಲಿಗೆ ಬಂತು. ತಿಂಗಳ ಕೊನೆಗೆ ಸಂಬಳದ ಪಟ್ಟಿ ಮಾಡುವವಳೂ ಇವಳೇ ತಾನೆ! ತನಗೆ 34,000, ಅವನಿಗೆ 40,000.

ಎರಡನೆಯ ಪ್ರಶ್ನೆ: "ಯಾರಿಗಾದರೂ ಹೇಳಿದ್ದಿರಾ? ಆಮೇಲೆ ಏನಾಯ್ತು?" ಮ್ಯಾನೇಜರಿಗೆ ಎರಡು ಸಲ ಹೇಳಿದ್ದಳು, ಎರಡು ಸಲವೂ 'ನೋಡೋಣ'. ಮೂರನೆಯದು: "ಆಗಲೇ ಸರಿಮಾಡಿದ್ದರೆ ಇರ್ತಿದ್ದಿರಾ?" ಆಗಸ್ಟ್‌ನಲ್ಲಿ ಮಾಡಿದ್ದರೆ ಇರುತ್ತಿದ್ದೆ, ಈಗ ಇಲ್ಲ ಎನ್ನುತ್ತಾಳೆ. ಬರೀ ಟಿಕ್ ನೋಡಿದ ಮಾಲೀಕರು ಎಲ್ಲರಿಗೂ ಐದು ಪರ್ಸೆಂಟ್ ಏರಿಸಿ ಸುಮ್ಮನಾಗುತ್ತಿದ್ದರು. ಹಳಬರಿಗಿಂತ ಹೊಸಬರಿಗೆ ಹೆಚ್ಚು ಕೊಡುವ ರೂಢಿ ಹಾಗೇ ಉಳಿಯುತ್ತಿತ್ತು.

ಇನ್ನೊಂದು ಪ್ರಶ್ನೆ ನನಗೆ ಬಹಳ ಇಷ್ಟ: "ನಿಮ್ಮ ತಂಗಿ ಇದೇ ಟೀಮಿಗೆ ಸೇರ್ತೀನಿ ಅಂದರೆ ಏನು ಹೇಳಿ ಕಳಿಸ್ತೀರಿ?" ಬಾಸ್ ಬಗ್ಗೆ ನೇರವಾಗಿ ಆಡಲಾಗದ ಮಾತು ತಂಗಿಯ ನೆಪದಲ್ಲಿ ಹೊರಬರುತ್ತದೆ. ತಾರೀಖಾಗಲಿ, ಘಟನೆಯಾಗಲಿ, ಒಬ್ಬ ಮನುಷ್ಯನಾಗಲಿ ಇಲ್ಲದ ಉತ್ತರ ಬಂದರೆ ಅದಿನ್ನೂ ಮರ್ಯಾದೆಯ ಮಾತು ಎಂದೇ ತಿಳಿಯಿರಿ.

ಇದನ್ನೆಲ್ಲ ಕೇಳುವವರು ಅವಳ ಮ್ಯಾನೇಜರ್ ಆಗಿರಬಾರದು. ಲೆಟರ್ ಕೊಟ್ಟು, ಲೆಕ್ಕ ಮುಗಿಸಿದ ಮೇಲೆ ಕೇಳಬೇಕು. ಎರಡು ಮೂರು ತಿಂಗಳು ಬಿಟ್ಟು ಫೋನಿನಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಉತ್ತರ ಬಂದಾಗ ಕಂಪನಿಯ ಪರ ವಾದಕ್ಕಿಳಿದರೆ ಅಲ್ಲಿಗೇ ಬಾಯಿ ಮುಚ್ಚಿತು.

ಗುಟ್ಟಾಗಿಡುತ್ತೇವೆ ಎಂಬ ಭರವಸೆಯನ್ನೂ ಕೊಡಬೇಡಿ. ನಾಲ್ಕು ಜನರ ಟೀಮಿನಲ್ಲಿ ಹೆಸರು ಅಳಿಸಿದರೂ ಹೇಳಿದ್ದು ಯಾರೆಂದು ಗೊತ್ತಾಗಿಯೇ ಆಗುತ್ತದೆ. ಲೈಂಗಿಕ ಕಿರುಕುಳದಂಥ ಮಾತು ಬಂದರೆ ಅದನ್ನು ಕೇಳಿ ಮರೆಯಲಾಗದು. ಯಾವ ಮಾತು ಯಾರವರೆಗೆ ಹೋಗುತ್ತದೆ ಎಂಬುದನ್ನು ಪ್ರಶ್ನೆ ಕೇಳುವ ಮೊದಲೇ ಹೇಳಿಬಿಡಿ.